ಒಟ್ಟು ಇನ್ನೂರಾದರೂ ಲೆಕ್ಕ ಸರಿ

‘ಗ್ರಂಥಾಲಯಕ್ಕೆ ಬಂದು ಏನೇನು ಓದುತ್ತೀರಿ? ಅನ್ವಯಿಸುವುದಕ್ಕೆಲ್ಲ ಟಿಕ್ ಹಾಕಿ.’ ಒಂದೂರಿನ ಗ್ರಂಥಾಲಯದಲ್ಲಿ 200 ಮಂದಿ ಈ ಪ್ರಶ್ನೆಗೆ ಉತ್ತರಿಸಿದರು ಎಂದಿಟ್ಟುಕೊಳ್ಳಿ. ದಿನಪತ್ರಿಕೆಗೆ 150 ಟಿಕ್, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಕ್ಕೆ 90, ವಾರಪತ್ರಿಕೆಗೆ 80, ಕಾದಂಬರಿಗೆ 60, ಮಕ್ಕಳ ಪುಸ್ತಕಕ್ಕೆ 20. ಜನ 200, ಟಿಕ್ 400.

ಈಗ ದಿನಪತ್ರಿಕೆಯ ಪಾಲೆಷ್ಟು? 150ನ್ನು 400ರಿಂದ ಭಾಗಿಸಿದರೆ ಶೇ. 37.5, 200ರಿಂದ ಭಾಗಿಸಿದರೆ ಶೇ. 75. ಮೊದಲನೆಯದನ್ನು ನೋಡಿದವರು ‘ಪೇಪರ್ ಓದುವವರು ಅರ್ಧದಷ್ಟೂ ಇಲ್ಲ’ ಎಂದುಕೊಳ್ಳುತ್ತಾರೆ. ನಿಜದಲ್ಲಿ ನಾಲ್ವರಲ್ಲಿ ಮೂವರು ಓದುತ್ತಾರೆ. ನಮಗೆ ಬೇಕಿರುವುದು ಜನರ ಲೆಕ್ಕ, ಟಿಕ್‌ಗಳದ್ದಲ್ಲ.

ಟಿಕ್‌ಗಳ ಶೇಕಡಾವಾರಿಗೆ ಇನ್ನೊಂದು ದೋಷವಿದೆ. ಅದೇ ಪಟ್ಟಿಗೆ ‘ಅಂತರ್ಜಾಲ ಬಳಕೆ’ ಎಂಬ ಆಯ್ಕೆ ಸೇರಿಸಿ, ಅದಕ್ಕೂ 100 ಟಿಕ್ ಬಿದ್ದರೆ ಒಟ್ಟು 500 ಆಗುತ್ತದೆ. ದಿನಪತ್ರಿಕೆಯ ಪಾಲು 37.5ರಿಂದ 30ಕ್ಕೆ ಇಳಿಯುತ್ತದೆ. ಪೇಪರ್ ಓದುವವರಲ್ಲಿ ಒಬ್ಬರೂ ಕಡಿಮೆಯಾಗಿಲ್ಲ, ಉದ್ದವಾದದ್ದು ಪಟ್ಟಿ ಮಾತ್ರ! ಜನರಿಂದ ಭಾಗಿಸಿದರೆ ಅದು 75ರಲ್ಲೇ ಇರುತ್ತದೆ.

ಹೀಗೆ ಲೆಕ್ಕ ಹಾಕಿದಾಗ ಮೊದಲ ಐದು ಆಯ್ಕೆಗಳ ಮೊತ್ತವೇ ಶೇ. 200 ಆಗಿ ಕೆಲವರಿಗೆ ಗಾಬರಿಯಾಗುತ್ತದೆ. ಆಗಲೇಬೇಕಲ್ಲ, ಒಬ್ಬರು ಸರಾಸರಿ ಎರಡು ಟಿಕ್ ಹಾಕಿದ್ದಾರೆ. 2011ರ ಜನಗಣತಿಯಲ್ಲೂ ದೇಶದ ಶೇ. 47.2 ಮನೆಗಳಲ್ಲಿ ಟಿ.ವಿ., ಶೇ. 63.2ರಲ್ಲಿ ದೂರವಾಣಿ, ಶೇ. 44.8ರಲ್ಲಿ ಸೈಕಲ್ ಇತ್ತು. ಈ ಮೂರನ್ನು ಕೂಡಿದರೇ ನೂರು ದಾಟುತ್ತದೆ. ಒಂದೇ ಮನೆಯಲ್ಲಿ ಮೂರೂ ಇರಬಹುದು.

ಆದ್ದರಿಂದ ಇಂಥ ಉತ್ತರಗಳಿಗೆ ಪೈ ಚಾರ್ಟ್ ಬೇಡ. 75, 45, 40, 30, 10 ಎಂದು ಕೊಟ್ಟರೂ ಅದು ಇಡೀ ವೃತ್ತವನ್ನು ನೂರೆಂದು ಹಿಡಿದು, ದಿನಪತ್ರಿಕೆಗೆ ಮತ್ತೆ 37.5 ಎಂದೇ ತೋರಿಸುತ್ತದೆ. ಒಂದೊಂದು ಆಯ್ಕೆಗೆ ಒಂದೊಂದು ಪಟ್ಟಿಯಿರುವ ಬಾರ್ ಚಾರ್ಟ್ ಸಾಕು.

ಗೂಗಲ್ ಫಾರ್ಮ್ಸ್‌ನಲ್ಲಿ ಒಬ್ಬರ ಆಯ್ಕೆಗಳೆಲ್ಲ ಶೀಟ್‌ನ ಒಂದೇ ಕೋಶದಲ್ಲಿ ಅಲ್ಪವಿರಾಮಗಳೊಂದಿಗೆ ಬಂದು ಕೂರುತ್ತವೆ. ಅಲ್ಲಿ ಹೀಗೆ ಬರೆಯಬಹುದು:

```
=COUNTIF(B2:B221,"*ದಿನಪತ್ರಿಕೆ*")/COUNTA(B2:B221)
```

ಬರೀ ‘ಪತ್ರಿಕೆ’ ಎಂದು ಹುಡುಕಿದರೆ ವಾರಪತ್ರಿಕೆಯೂ ಬೆರೆಯುತ್ತದೆ, ಜೋಕೆ. ಫಾರಂ ತುಂಬಿದ 220 ಮಂದಿಯಲ್ಲಿ 20 ಮಂದಿ ಈ ಪ್ರಶ್ನೆಯನ್ನು ಖಾಲಿ ಬಿಟ್ಟಿದ್ದರೆ, COUNTA ಆ ಖಾಲಿ ಕೋಶಗಳನ್ನು ಬಿಟ್ಟು 200ನ್ನೇ ಎಣಿಸುತ್ತದೆ. 220ರಿಂದ ಭಾಗಿಸಿದರೆ ಪಾಲು ಸುಮಾರು 68ಕ್ಕೆ ಇಳಿಯುತ್ತದೆ.

ಈ ಲೆಕ್ಕಕ್ಕೂ ಮಿತಿಯಿದೆ. ಪರೀಕ್ಷೆಯ ಪುಸ್ತಕ 45, ಕಾದಂಬರಿ 30, ಹಾಗಾಗಿ ಇವೆರಡರಲ್ಲಿ ಒಂದನ್ನಾದರೂ ಓದುವವರು ಶೇ. 75 ಎನ್ನುವಂತಿಲ್ಲ. ಎರಡನ್ನೂ ಓದುವವರು ಆಗ ಎರಡು ಸಲ ಎಣಿಕೆಯಾಗುತ್ತಾರೆ. ಅದಕ್ಕೆ ಮೂಲ ಉತ್ತರಗಳನ್ನೇ ಮತ್ತೆ ಎಣಿಸಬೇಕು.

ಚಾರ್ಟ್ ಅಚ್ಚಿಗೆ ಕೊಡುವ ಮುನ್ನ ಅದರ ಕೆಳಗೆ ಒಂದು ಸಾಲು ಬರೆಯಿರಿ: ‘ಉತ್ತರಿಸಿದವರು 200. ಒಬ್ಬರು ಒಂದಕ್ಕಿಂತ ಹೆಚ್ಚು ಆರಿಸಬಹುದಾದ್ದರಿಂದ ಮೊತ್ತ ಶೇ. 100 ಮೀರುತ್ತದೆ.’