ನಟ್ಟಿನೊಳಗೆ ಒಂಬತ್ತು ಗೆರೆ!

ಪೀಣ್ಯದ ಯಾವ ವರ್ಕ್‌ಶಾಪಿಗೆ ಹೋದರೂ ಆರು ಮೂಲೆಯ ನಟ್ಟು ಕಾಲಿಗೇ ಸಿಗುತ್ತದೆ. ಎಂ8 ಬೋಲ್ಟಿನದನ್ನೇ ಎತ್ತಿಕೊಳ್ಳಿ, 13ರ ಸ್ಪ್ಯಾನರ್ ಹಿಡಿಯುವಂಥದ್ದು. ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಆಡಿಸಿ, ಮೂಲೆಗಳಿಗೆ ಸಾಲಾಗಿ ಅ, ಆ, ಇ, ಈ, ಉ, ಊ ಎಂದು ಬರೆಯಿರಿ. ಈಗ ಹೇಳಿ, ಇದಕ್ಕೆ ಎಷ್ಟು ಕರ್ಣ?

ಅ ಮೂಲೆಯಲ್ಲಿ ನಿಲ್ಲಿ. ಅಲ್ಲಿಂದ ಅಲ್ಲಿಗೇ ಗೆರೆ ಎಳೆಯಲಾಗದು. ಪಕ್ಕದ ಆ ಮತ್ತು ಊಗೆ ಎಳೆದರೆ ಪೆನ್ಸಿಲ್ ಹೋಗುವುದು ನಟ್ಟಿನ ಅಂಚಿನ ಮೇಲೆಯೇ. ಅದು ಬಾಹು, ಕರ್ಣವಲ್ಲ. ಮೂರು ಮೂಲೆ ಹೋಯಿತು, ಉಳಿದದ್ದು ಇ, ಈ, ಉ. ಪ್ರತಿ ಮೂಲೆಯದೂ ಇದೇ ಕತೆ! ಆರು ಮೂಲೆಗೆ ಮೂರು ಮೂರರಂತೆ ಹದಿನೆಂಟು. ಆದರೆ ಅ–ಈ ಗೆರೆಯನ್ನು ಅ ಒಮ್ಮೆ ಎಣಿಸಿತು, ಈ ಮತ್ತೊಮ್ಮೆ ಎಣಿಸಿತು. ಹಾಗಾಗಿ ಅರ್ಧ ಮಾಡಬೇಕು: ಒಂಬತ್ತು. ನಂಬಿಕೆ ಬರದಿದ್ದರೆ ಹೊಸ ಗೆರೆಗಳನ್ನು ಮಾತ್ರ ಎಣಿಸುತ್ತ ಹೋಗಿ. ಅ ಮೂರು ಕೊಡುತ್ತದೆ, ಆ ಮೂರು, ಇ ಎರಡು, ಈ ಒಂದು. ಉ, ಊ ಸರದಿ ಬರುವಷ್ಟರಲ್ಲಿ ಎಳೆಯಲು ಏನೂ ಉಳಿದಿಲ್ಲ!

n ಮೂಲೆಗಳಿದ್ದರೆ ಸೂತ್ರ n(n − 3)/2. ಉತ್ತರ 12 ಬಂದರೆ ಮೂಲೆ ತನ್ನನ್ನು ತಾನು ಬಿಡಲು ಮರೆತಿದೆ ಎಂದರ್ಥ. 18 ಬಂದರೆ ಅರ್ಧ ಮಾಡಿಲ್ಲ.

ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಕೊಟ್ಟ ಆಯ್ಕೆಯ ನಿಯಮದಿಂದಲೂ ಇಲ್ಲಿಗೇ ಬರಬಹುದು. ಆರರಲ್ಲಿ ಎರಡನ್ನು ಆರಿಸುವ ಬಗೆ 6×5/2, ಅಂದರೆ 15. ಆರು ಬಾಹು ಕಳೆದರೆ ಮತ್ತೆ ಅದೇ ಒಂಬತ್ತು! ಒಂಬತ್ತನೇ ಶತಮಾನದ ಲೆಕ್ಕ ಪೀಣ್ಯದ ನಟ್ಟಿಗೆ ಸರಿಹೊಂದುವುದನ್ನು ನೋಡಿ ನಾನಂತೂ ಬೆರಗಾದೆ.

ಇನ್ನೂ ಇದೆ. ಒಂಬತ್ತರಲ್ಲಿ ಮೂರು ಉದ್ದ, ಆರು ಗಿಡ್ಡ. ಗಿಡ್ಡ ಕರ್ಣ ಅ–ಇ, ಇ–ಈ ಬಾಹುವಿಗೆ ಲಂಬವಾಗಿದೆ. ಎದುರಿನ ಊ–ಅ ಬಾಹುವಿಗೂ ಲಂಬ. ಎಂದರೆ ಅದರ ಉದ್ದ ಎರಡು ಎದುರುಬದುರು ಮುಖಗಳ ನಡುವಿನ ಅಂತರ. ಸ್ಪ್ಯಾನರ್ ಮೇಲೆ ಕೊರೆದಿರುವ 13 ಅದೇ! ಉದ್ದ ಕರ್ಣ ಲೆಕ್ಕದಲ್ಲಿ ಸುಮಾರು 15 ಮಿ.ಮೀ. ವರ್ನಿಯರ್ ಹಿಡಿದರೆ ಸ್ವಲ್ಪ ಕಡಿಮೆಯೇ ತೋರಿಸುತ್ತದೆ, ನಿಜವಾದ ನಟ್ಟಿನ ಮೂಲೆ ಕಾಗದದ ಮೂಲೆಯಷ್ಟು ಚೂಪಾಗಿರುವುದಿಲ್ಲವಲ್ಲ.

ಈಗ ರಿಂಗ್ ಸ್ಪ್ಯಾನರಿನ ಬಾಯಿ ನೋಡಿ. ಹನ್ನೆರಡು ಹೊರಮೂಲೆ, ನಡುನಡುವೆ ಒಳಕ್ಕೆ ಚಾಚಿದ ಹನ್ನೆರಡು ಮೂಲೆ, ಒಟ್ಟು 24. ಸೂತ್ರಕ್ಕೆ ಹಾಕಿದರೆ 24×21/2, ಬರೋಬ್ಬರಿ 252! ಆದರೆ ಅಕ್ಕಪಕ್ಕದ ಎರಡು ಹೊರಮೂಲೆಗಳನ್ನು ಸೇರಿಸಿ ನೋಡಿ: ಗೆರೆ ಬಾಯಿಯೊಳಗೆ ಹಾಯುವುದೇ ಇಲ್ಲ, ಉಕ್ಕಿನೊಳಗೆ ನುಗ್ಗುತ್ತದೆ. ಅದನ್ನೂ ಸೂತ್ರ ಕರ್ಣವೆಂದೇ ಎಣಿಸುತ್ತದೆ.