ಗುರುವಾರ ಸಂಜೆಯ ಡ್ಯೂಟಿ ಲಿಸ್ಟ್

ಆಸ್ಪತ್ರೆಯ ವಾರ್ಡಿನಲ್ಲಿ ಹೊಸ ಡ್ಯೂಟಿ ಲಿಸ್ಟ್ ಬೋರ್ಡಿಗೆ ಬಿದ್ದರೆ ಸಿಸ್ಟರುಗಳ ಬೆರಳು ಮೊದಲು ತಮ್ಮ ಹೆಸರು ಹುಡುಕುತ್ತದೆ, ಅಲ್ಲಿಂದ ಸೀದಾ ಭಾನುವಾರದ ಕಾಲಮ್ಮಿಗೆ ಜಾರುತ್ತದೆ. ಅಲ್ಲಿ ‘ಆಫ್’ ಇದೆಯೋ ಇಲ್ಲವೋ ಎಂಬುದರ ಮೇಲೆ ಊರಿಗೆ ಹೋಗುವ ಬಸ್ಸು, ಮಗುವನ್ನು ನೋಡಿಕೊಳ್ಳಲು ಬರಬೇಕಾದ ಅಜ್ಜಿ, ಮನೆಯ ಹತ್ತಾರು ಏರ್ಪಾಡುಗಳು ನಿಂತಿರುತ್ತವೆ. ಆದ್ದರಿಂದ ಲಿಸ್ಟ್ ಯಾವ ದಿನ ಬರುತ್ತದೆ, ಎಲ್ಲಿಯವರೆಗೆ ಬದಲಾಗಬಹುದು, ರಜೆ ಬೇಕಾದವರು ಯಾರಿಗೆ ಹೇಗೆ ಕೇಳಬೇಕು ಎಂಬ ಮೂರು ವಿಷಯಗಳನ್ನು ತಿಳಿಸುವ ಒಂದು ಪುಟದ ಸೂಚನೆಗೆ, ಲಿಸ್ಟಿಗೆ ಇರುವಷ್ಟೇ ತೂಕವಿದೆ.

ಮೊದಲು ಲೆಕ್ಕ ನೋಡಬೇಕು. 30 ಹಾಸಿಗೆಯ ಒಂದು ವಾರ್ಡ್ ಎಂದುಕೊಳ್ಳಿ. ಬೆಳಿಗ್ಗೆ 8ರಿಂದ 2ರವರೆಗೆ ಮೂವರು, 2ರಿಂದ ರಾತ್ರಿ 8ರವರೆಗೆ ಮೂವರು, ರಾತ್ರಿ 8ರಿಂದ ಮರುದಿನ ಬೆಳಿಗ್ಗೆ 8ರವರೆಗೆ ಇಬ್ಬರು. ಹಗಲಿನದೇ ದಿನಕ್ಕೆ 6 ಡ್ಯೂಟಿ, ವಾರಕ್ಕೆ 42. ಒಬ್ಬರು ವಾರಕ್ಕೆ ಆರು ಡ್ಯೂಟಿ ಮಾಡಿ ಒಂದು ದಿನ ಆಫ್ ತೆಗೆದುಕೊಂಡರೆ ಇದಕ್ಕೆ ಏಳು ಜನ ಬೇಕು. ಏಳು ಜನ, ಏಳು ದಿನ: ದಿನಕ್ಕೆ ಒಬ್ಬರಿಗಷ್ಟೇ ಆಫ್. ಭಾನುವಾರವೂ ಒಬ್ಬರಿಗೇ. ಸರದಿಯ ಪ್ರಕಾರ ಹೋದರೆ ಒಬ್ಬ ಸಿಸ್ಟರಿಗೆ ಭಾನುವಾರದ ಆಫ್ ಮತ್ತೆ ಸಿಗುವುದು ಏಳು ವಾರದ ನಂತರ. ರಾತ್ರಿಯ 14 ಡ್ಯೂಟಿಗಳಿಗೆ, ಒಬ್ಬರಿಗೆ ವಾರಕ್ಕೆ ನಾಲ್ಕು ರಾತ್ರಿ ಮೀರದಂತೆ, ಇನ್ನೂ ನಾಲ್ವರು. ಹೀಗೆ ಹನ್ನೊಂದು ಜನ ಭರ್ತಿಯಾದ ಮೇಲೆ ಹನ್ನೆರಡನೆಯವರೊಬ್ಬರು ಇದ್ದರೆ ಮಾತ್ರ ಯಾರಾದರೂ ರಜೆ ಹಾಕಬಹುದು, ಅದೂ ಒಂದು ಸಲಕ್ಕೆ ಒಬ್ಬರು.

ಇಷ್ಟು ಬಿಗಿಯಾದ ಲಿಸ್ಟಿನಲ್ಲಿ ಕಾರಿಡಾರಿನಲ್ಲಿ ಎದುರಾದಾಗ ಬಾಯಿಮಾತಿನಲ್ಲಿ ಕೇಳಿದ ರಜೆ ಕಳೆದುಹೋಗುತ್ತದೆ. “ಸಿಸ್ಟರ್, ಮುಂದಿನ ಭಾನುವಾರ ಆಫ್ ಕೊಡಿ” ಎಂದವರ ಮನಸ್ಸಿನಲ್ಲಿದ್ದ ಭಾನುವಾರ ಒಂದು, ಇನ್‌ಚಾರ್ಜ್ ಸಿಸ್ಟರ್ ಬರೆದುಕೊಂಡದ್ದು ಇನ್ನೊಂದು. ಅದಕ್ಕೇ ಸೂಚನೆಯಲ್ಲಿ ವಾರದ ಹೆಸರಿನ ಜೊತೆ ತಾರೀಕೂ ಇರಬೇಕು. ಮಾರ್ಚ್ 9ರ ಸೋಮವಾರದಿಂದ 15ರ ಭಾನುವಾರದವರೆಗಿನ ಲಿಸ್ಟಿಗೆ ಅದು ಹೀಗೆ ಬರಬಹುದು:

“ರಜೆ ಅಥವಾ ಇಂಥದೇ ಶಿಫ್ಟ್ ಬೇಕೆನ್ನುವವರು ಮಾರ್ಚ್ 3, ಮಂಗಳವಾರ ಸಂಜೆ 5 ಗಂಟೆಯೊಳಗೆ ನರ್ಸಿಂಗ್ ಸ್ಟೇಷನ್‌ನ ಮನವಿ ಪುಸ್ತಕದಲ್ಲಿ ಬರೆಯಬೇಕು. ಲಿಸ್ಟನ್ನು ಮಾರ್ಚ್ 5, ಗುರುವಾರ ಸಂಜೆ 4 ಗಂಟೆಗೆ ಹಾಕಲಾಗುವುದು. ಅದಲು ಬದಲು ಮಾಡಿಕೊಳ್ಳುವವರು ಇಬ್ಬರೂ ಸಹಿ ಹಾಕಿ, ಇನ್‌ಚಾರ್ಜ್ ಸಿಸ್ಟರ್ ಸಹಿ ಪಡೆಯಬೇಕು. ಮಾರ್ಚ್ 7, ಶನಿವಾರ ಮಧ್ಯಾಹ್ನ 12 ಗಂಟೆಗೆ ಲಿಸ್ಟ್ ಫ್ರೀಜ್ ಆಗುತ್ತದೆ.”

ಮಂಗಳವಾರಕ್ಕೂ ಗುರುವಾರಕ್ಕೂ ನಡುವಿನ ಎರಡು ದಿನ ಲಿಸ್ಟ್ ಬರೆಯುವವರಿಗೆ ಬೇಕಾದದ್ದು. ಒಂದೇ ದಿನಕ್ಕೆ ಮೂರು ಮನವಿ ಬಂದಿದ್ದರೆ ಯಾರದ್ದು ಮುಂದೂಡಬಹುದು ಎಂದು ಮೂವರನ್ನೂ ಕರೆದು ಕೇಳಲು ಅದರಲ್ಲಿ ಸಮಯ ಸಿಗುತ್ತದೆ. ಗುರುವಾರದಿಂದ ಶನಿವಾರದವರೆಗಿನ ಅವಧಿ ಸಿಬ್ಬಂದಿಯದು. ತಮಗೆ ಬಿದ್ದ ಡ್ಯೂಟಿ ನೋಡಿ, ಹೊಂದದಿದ್ದರೆ ಜೊತೆಯವರನ್ನು ಒಪ್ಪಿಸಿ ಬದಲಿಸಿಕೊಳ್ಳಲು ಎರಡು ದಿನ ಸಾಕಾಗುತ್ತದೆ.

ಆದರೆ ಇಬ್ಬರು ಒಪ್ಪಿದರೆ ಮುಗಿಯಿತು ಎನ್ನುವಂತಿಲ್ಲ, ಮೂರನೆಯ ಸಹಿ ಏಕೆ ಬೇಕು ಎಂಬುದಕ್ಕೆ ಒಂದು ಉದಾಹರಣೆ ಸಾಕು. 14ರ ಶನಿವಾರ ಮಧ್ಯಾಹ್ನ 2ರ ಡ್ಯೂಟಿ ಬಿದ್ದ ಸಿಸ್ಟರಿಗೆ ಅದೇ ಸಂಜೆ ತಮ್ಮನ ನಿಶ್ಚಿತಾರ್ಥ. ಲಿಸ್ಟಿನಲ್ಲಿ ಕಣ್ಣಾಡಿಸಿದರೆ ಗೆಳತಿಯೊಬ್ಬಳ ಶನಿವಾರದ ಚೌಕದಲ್ಲಿ ‘ಆಫ್’ ಇದೆ. ಅವಳೂ ಒಪ್ಪುತ್ತಾಳೆ. ಕಾಗದದ ಮೇಲೆ ಎಲ್ಲ ಸರಿ. ಒಂದು ಚೌಕ ಎಡಕ್ಕೆ ಸರಿದರೆ ಶುಕ್ರವಾರದಲ್ಲಿ ‘ನೈಟ್’ ಎಂದಿದೆ. ಆ ಡ್ಯೂಟಿಯನ್ನು ಬರೆದದ್ದು ಶುಕ್ರವಾರದ ಚೌಕದಲ್ಲಿ, ಆದರೆ ಅದರ ಹನ್ನೆರಡು ಗಂಟೆಗಳಲ್ಲಿ ಎಂಟು ಗಂಟೆ ನಡೆಯುವುದು ಶನಿವಾರ. ಬೆಳಿಗ್ಗೆ 8ಕ್ಕೆ ವಾರ್ಡ್ ಒಪ್ಪಿಸಿ ಹೊರಟವಳು 2ಕ್ಕೆ ಮತ್ತೆ ಹಾಜರಾಗಬೇಕು. ಬಸ್ಸು, ಸ್ನಾನ, ಊಟ ಕಳೆದು ನಿದ್ದೆಗೆ ಉಳಿಯುವುದು ಮೂರು ಗಂಟೆ ಇರಬಹುದು. ಆ ಕಣ್ಣಿನಲ್ಲಿ ಅವಳು ಇಂಜೆಕ್ಷನ್ ಡೋಸ್ ಅಳೆಯಬೇಕು.

ರಾತ್ರಿ ಪಾಳಿಯ ಈ ತೊಡಕನ್ನು ಕಾನೂನು ಬರೆದವರು ಬಹಳ ಹಿಂದೆಯೇ ಗಮನಿಸಿದ್ದರು. ಮಧ್ಯರಾತ್ರಿ ದಾಟುವ ಪಾಳಿಯವರಿಗೆ ಒಂದು ದಿನದ ರಜೆ ಎಂದರೆ ಪಾಳಿ ಮುಗಿದ ಹೊತ್ತಿನಿಂದ ಸತತ 24 ಗಂಟೆ ಎಂದು 1948ರ ಕಾರ್ಖಾನೆ ಕಾಯ್ದೆಯ 57ನೇ ಸೆಕ್ಷನ್ ಹೇಳಿತು. ಕೆಲಸದ ಅವಧಿಯ ಸೂಚನೆಯನ್ನು ಕಾರ್ಖಾನೆಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕು, ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕು ಎಂದು ವಿಧಿಸಿದ್ದೂ ಅದೇ ಕಾಯ್ದೆ. ಆ ಕಾನೂನು ಬರೆದದ್ದು ಕಾರ್ಖಾನೆಗೆ. ಆದರೂ ಗಡಿಯಾರದ ಲೆಕ್ಕ ವಾರ್ಡಿಗೂ ಒಂದೇ: ಆ ಗೆಳತಿಯ ಆಫ್ ಶನಿವಾರ ಬೆಳಿಗ್ಗೆ 8ಕ್ಕೆ ಶುರುವಾಗಿ ಭಾನುವಾರ ಬೆಳಿಗ್ಗೆ 8ಕ್ಕೆ ಮುಗಿಯುತ್ತದೆ. ಹಾಗಾಗಿ ಬದಲಿ ಹುಡುಕುವಾಗ ಹಿಂದಿನ ಮತ್ತು ಮುಂದಿನ ಚೌಕ ಎರಡನ್ನೂ ನೋಡಬೇಕೆಂಬ ಸಾಲನ್ನು ಸೂಚನೆಯಲ್ಲೇ ಸೇರಿಸುವುದು ಒಳ್ಳೆಯದು. ಇಲ್ಲಿ ಶುಕ್ರವಾರ ಹಗಲು ಡ್ಯೂಟಿ ಮಾಡಿ ಶನಿವಾರ ಬೆಳಗಿನ ಪಾಳಿಯಲ್ಲಿರುವವರನ್ನು ಕೇಳಿದರೂ ತಪ್ಪಾಗುತ್ತದೆ, ಸತತ ಹನ್ನೆರಡು ಗಂಟೆಯಾಗುತ್ತದೆ. ಅವರೊಂದಿಗೆ ಪೂರ್ತಿ ಅದಲು ಬದಲಾದರೆ, ಅಂದರೆ ನಿಶ್ಚಿತಾರ್ಥದ ಸಿಸ್ಟರ್ ಬೆಳಿಗ್ಗೆ ಮಾಡಿ ಅವರು ಮಧ್ಯಾಹ್ನಕ್ಕೆ ಬಂದರೆ, ಇಬ್ಬರಿಗೂ ಆರೇ ಗಂಟೆ. ನಿಶ್ಚಿತಾರ್ಥವೂ ತಪ್ಪುವುದಿಲ್ಲ.

ಇನ್ನು ಫ್ರೀಜ್. ಹಲವು ಕಡೆ ಈ ಪದವನ್ನು ಸಿಬ್ಬಂದಿಗೆ ಮಾತ್ರ ಅನ್ವಯಿಸುತ್ತಾರೆ, ಅದು ಅನ್ಯಾಯ. ಶನಿವಾರ 12ರ ಬಳಿಕ ಸಿಸ್ಟರ್ ಕೇಳುವಂತಿಲ್ಲ ಎಂದಾದರೆ, ಆಡಳಿತದವರೂ ಆಕೆಯನ್ನು ಕೇಳದೆ ಬೆಳಗಿನ ಡ್ಯೂಟಿಯನ್ನು ರಾತ್ರಿಗೆ ತಳ್ಳುವಂತಿಲ್ಲ. ಅನಿವಾರ್ಯವಾದರೆ ಫೋನ್ ಮಾಡಿ ಒಪ್ಪಿಗೆ ಪಡೆಯಬೇಕು. ಲಿಸ್ಟ್ ತಿದ್ದುವಾಗ ವೈಟ್ನರ್ ಬಳಿಯದೆ ಹಳೆಯದರ ಮೇಲೆ ಒಂದು ಗೀಟು ಎಳೆದು, ಪಕ್ಕದಲ್ಲಿ ಹೊಸದನ್ನು ಬರೆದು, ಸಹಿ ಮತ್ತು ಹೊತ್ತು ಹಾಕಬೇಕು. ಗುರುವಾರ ತೆಗೆದ ಫೋಟೊ ವಾಟ್ಸಾಪ್‌ನಲ್ಲಿ ಓಡಾಡುತ್ತಲೇ ಇರುತ್ತದೆ. ತಿದ್ದಿದ ಪ್ರತಿಯ ಮೇಲುಗಡೆ ‘ತಿದ್ದುಪಡಿ 2, ಶುಕ್ರವಾರ ಸಂಜೆ 6’ ಎಂದಿದ್ದರೆ ಯಾವುದು ಹಳೆಯದೆಂದು ನೋಡಿದ ಕೂಡಲೇ ತಿಳಿಯುತ್ತದೆ.

ಜ್ವರ, ಅಪಘಾತ, ಸಾವು ಫ್ರೀಜ್‌ಗೆ ಕಾಯುವುದಿಲ್ಲ. ಅಂಥ ಹೊತ್ತಿಗೆ ದಾರಿ ಬೇರೆ ಇರಬೇಕು: ಡ್ಯೂಟಿಗೆ ಎರಡು ಗಂಟೆ ಮೊದಲೇ, ಸಾಧ್ಯವಾದರೆ ಇನ್ನೂ ಮುಂಚೆ, ಸೂಪರ್‌ವೈಸರಿಗೆ ಕರೆ. ಮೆಸೇಜ್ ಸಾಲದು, ಏಕೆಂದರೆ ಬೆಳಗಿನ ಜಾವ ಅದನ್ನು ಯಾರೂ ನೋಡದೆ ಹೋಗಬಹುದು. ರಾತ್ರಿಯಿಡೀ ನಿಂತಿದ್ದ ಸಿಸ್ಟರ್, 8ಕ್ಕೆ ಬರಬೇಕಾದವರು ಬರದಿದ್ದರೆ, ರೋಗಿಗಳನ್ನು ಬಿಟ್ಟು ಹೋಗಲಾರಳು. ಆ ಎರಡು ಗಂಟೆ ಅವಳಿಗಾಗಿ. ಬದಲಿ ಹುಡುಕುವುದು ಸೂಪರ್‌ವೈಸರ್ ಕೆಲಸ ಎಂಬುದೂ ಸೂಚನೆಯಲ್ಲಿ ಸ್ಪಷ್ಟವಾಗಿರಬೇಕು. ಮಗುವಿಗೆ 103 ಡಿಗ್ರಿ ಜ್ವರವಿರುವ ತಾಯಿ ಬೆಳಿಗ್ಗೆ 5ಕ್ಕೆ ಕೂತು ಒಬ್ಬೊಬ್ಬ ಸಹೋದ್ಯೋಗಿಗೂ ಫೋನ್ ಮಾಡುವಂತಾಗಬಾರದು.

ಹಬ್ಬದ ವಾರಗಳಿಗೆ ಮಂಗಳವಾರದ ಗಡುವು ಸಾಲದು. ಯುಗಾದಿ, ರಂಜಾನ್, ದೀಪಾವಳಿ, ಕ್ರಿಸ್‌ಮಸ್‌ಗೆ ಮನವಿಗಳನ್ನು ಒಂದು ತಿಂಗಳ ಮೊದಲೇ ತೆಗೆದುಕೊಂಡು, ಕಳೆದ ವರ್ಷ ಆ ಹಬ್ಬಕ್ಕೆ ಯಾರು ಡ್ಯೂಟಿಯಲ್ಲಿದ್ದರು ಎಂಬುದನ್ನು ಪುಸ್ತಕದಲ್ಲಿ ನೋಡಿ ಕೊಡಬೇಕಾಗುತ್ತದೆ. ಮನವಿ ನಿರಾಕರಿಸಿದರೆ ಕಾರಣವನ್ನು ಅದೇ ಸಾಲಿನಲ್ಲಿ ಬರೆಯಬೇಕು.

ಸೂಚನೆ ನಡೆಯುತ್ತಿದೆಯೋ ಇಲ್ಲವೋ ಎಂದು ತಿಳಿಯಲು ತಿಂಗಳ ಕೊನೆಗೆ ನಾಲ್ಕು ಲಿಸ್ಟುಗಳನ್ನು ಸಾಲಾಗಿ ಹರಡಿ, ಶನಿವಾರ 12ರ ನಂತರ ಬಿದ್ದ ಗೀಟುಗಳನ್ನು ಎಣಿಸಬೇಕು. ಅಲ್ಲೊಂದು ಇಲ್ಲೊಂದು ಇದ್ದರೆ ಅವು ಜ್ವರ, ಅಪಘಾತದವು. ಪ್ರತಿ ವಾರವೂ ಶನಿವಾರ ರಾತ್ರಿಯ ಚೌಕಗಳಲ್ಲೇ ಬೀಳುತ್ತಿದ್ದರೆ ತಪ್ಪು ಸಿಸ್ಟರುಗಳದ್ದಲ್ಲ, ಆ ವಾರ್ಡಿನಲ್ಲಿ ಹನ್ನೆರಡನೆಯವರೇ ಇಲ್ಲ.