ಚೌಕದ ಮರೆಯಲ್ಲಿ ಅಡಗುವ ತಪ್ಪು

ಸಿ ಪ್ರೋಗ್ರಾಮಿಂಗ್ ಪ್ರಾಯೋಗಿಕ ಪರೀಕ್ಷೆ. ಚೀಟಿ ಎತ್ತಿದ ಹುಡುಗನಿಗೆ ಬಂದದ್ದು ಮ್ಯಾಟ್ರಿಕ್ಸ್ ಗುಣಾಕಾರ. ಹಾಳೆಯಲ್ಲಿ ಪ್ರೋಗ್ರಾಂ ಬರೆದ, ಟೈಪ್ ಮಾಡಿದ, ಎರಡು ಅಡ್ಡಸಾಲು ಎರಡು ಕಂಬಸಾಲಿನ ಎರಡು ಮ್ಯಾಟ್ರಿಕ್ಸ್‌ಗಳನ್ನು ಕೊಟ್ಟು ಓಡಿಸಿದ. ಉತ್ತರ ಸರಿಯಾಗಿಯೇ ಬಂತು. ಪರೀಕ್ಷಕರು ಒಂದೇ ಮಾತು ಹೇಳಿದರು: "ಈಗ ಎರಡು ಮೂರರದ್ದು ಒಂದು, ಮೂರು ಎರಡರದ್ದು ಒಂದು ಕೊಡಪ್ಪ." ಈ ಸಲ ಪರದೆಯ ಮೇಲೆ ಬಂದ ನಾಲ್ಕೂ ಸಂಖ್ಯೆಗಳು ತಪ್ಪು. ಪ್ರೋಗ್ರಾಮಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ತಪ್ಪು ಮೊದಲಿನಿಂದಲೂ ಅಲ್ಲೇ ಇತ್ತು, ಚೌಕಾಕಾರದ ಮ್ಯಾಟ್ರಿಕ್ಸ್ ಅದನ್ನು ಮುಚ್ಚಿಟ್ಟಿತ್ತು.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದ ಮೊದಲ ವರ್ಷದ ಸಿ ಪ್ರಯೋಗಗಳ ಪಟ್ಟಿಯಲ್ಲಿ ಈ ಪ್ರಶ್ನೆ ಇದೆ. ಗುಣಿಸುವುದಷ್ಟೇ ಅಲ್ಲ, ಗುಣಾಕಾರದ ನಿಯಮವನ್ನೂ ಪರಿಶೀಲಿಸಬೇಕು ಎಂದು ಅದು ಕೇಳುತ್ತದೆ. ಆ ನಿಯಮ ಏನೆಂದು ತಿಳಿಯಲು ಕಂಪ್ಯೂಟರ್ ಬೇಡ, ದಿನಸಿ ಅಂಗಡಿ ಸಾಕು.

ಎರಡು ಮನೆಗಳಿವೆ ಎಂದುಕೊಳ್ಳಿ. ಮೊದಲನೆಯ ಮನೆಗೆ 5 ಕಿಲೋ ಅಕ್ಕಿ, 2 ಕಿಲೋ ಬೇಳೆ, 1 ಕಿಲೋ ಸಕ್ಕರೆ ಬೇಕು. ಎರಡನೆಯ ಮನೆಗೆ 3 ಕಿಲೋ ಅಕ್ಕಿ, 1 ಕಿಲೋ ಬೇಳೆ, 2 ಕಿಲೋ ಸಕ್ಕರೆ. ಊರಲ್ಲಿ ಎರಡು ಅಂಗಡಿಗಳು. ಒಂದರಲ್ಲಿ ಅಕ್ಕಿ 50, ಬೇಳೆ 120, ಸಕ್ಕರೆ 45 ರೂಪಾಯಿ. ಇನ್ನೊಂದರಲ್ಲಿ 55, 110, 42. ಯಾವ ಮನೆಗೆ ಯಾವ ಅಂಗಡಿಯಲ್ಲಿ ಎಷ್ಟು ಖರ್ಚು?

```
A:  5  2  1        B:   50   55
    3  1  2            120  110
                        45   42
```

A ಯಲ್ಲಿ ಒಂದೊಂದು ಅಡ್ಡಸಾಲು ಒಂದೊಂದು ಮನೆಯ ಚೀಟಿ. B ಯಲ್ಲಿ ಒಂದೊಂದು ಕಂಬಸಾಲು ಒಂದೊಂದು ಅಂಗಡಿಯ ದರಪಟ್ಟಿ. ಮೊದಲ ಮನೆ ಮೊದಲ ಅಂಗಡಿಗೆ ಹೋದರೆ ಅಕ್ಕಿಗೆ 250, ಬೇಳೆಗೆ 240, ಸಕ್ಕರೆಗೆ 45, ಒಟ್ಟು 535. ಎರಡನೆಯ ಅಂಗಡಿಗೆ ಹೋದರೆ 537. ಎರಡನೆಯ ಮನೆಗೆ ಕ್ರಮವಾಗಿ 360 ಮತ್ತು 359. ಈ ನಾಲ್ಕು ಮೊತ್ತಗಳೇ ಗುಣಲಬ್ಧ. ಚೀಟಿಯಲ್ಲಿ ಮೂರು ಸಾಮಾನಿದ್ದರೆ ದರಪಟ್ಟಿಯಲ್ಲೂ ಮೂರು ದರ ಇರಲೇಬೇಕು. A ಯ ಕಂಬಸಾಲುಗಳ ಸಂಖ್ಯೆ B ಯ ಅಡ್ಡಸಾಲುಗಳ ಸಂಖ್ಯೆಗೆ ಸಮ ಇರಬೇಕು ಎಂಬ ನಿಯಮದ ಅರ್ಥ ಇಷ್ಟೇ. ಸಮ ಇಲ್ಲದಿದ್ದರೆ ಪ್ರೋಗ್ರಾಂ ಸಂಖ್ಯೆಗಳನ್ನು ಓದುವ ಮೊದಲೇ ಗುಣಿಸಲಾಗದು ಎಂದು ತಿಳಿಸಿ ನಿಲ್ಲಬೇಕು.

A ಯ ಅಳತೆ m, n. B ಯದು p, q. n ಮತ್ತು p ಸಮ ಎಂದಾದ ಮೇಲೆ ಲೆಕ್ಕದ ಭಾಗ ಹೀಗಿರುತ್ತದೆ:

```c
for (i = 0; i < m; i++)
    for (j = 0; j < q; j++) {
        c[i][j] = 0;
        for (k = 0; k < n; k++)
            c[i][j] += a[i][k] * b[k][j];
    }
```

ಇಲ್ಲಿ i ಮನೆ, j ಅಂಗಡಿ, k ಸಾಮಾನು. ಹೀಗೆ ಮೂರಕ್ಕೂ ಹೆಸರಿಟ್ಟುಕೊಂಡವರಿಗೆ ಯಾವ ಲೂಪ್ ಎಲ್ಲಿಯವರೆಗೆ ಓಡಬೇಕೆಂದು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಸಾಮಾನು ಮೂರಾದರೆ k ಮೂರು ಸಲ ಓಡಬೇಕು, ಅದು n. ಆ ಹುಡುಗ ಅಲ್ಲಿ `k < m` ಎಂದು ಬರೆದಿದ್ದ. ಮನೆಗಳು ಎರಡೇ ಆದ್ದರಿಂದ ಎರಡೇ ಸಾಮಾನಿನ ಲೆಕ್ಕ ಆಯಿತು, ಸಕ್ಕರೆ ಬಿಟ್ಟುಹೋಯಿತು. ನಮ್ಮ ಉದಾಹರಣೆಯಲ್ಲಿ ಅದೇ ತಪ್ಪು ಮಾಡಿದರೆ 490, 495, 270, 275 ಬರುತ್ತವೆ. ಎರಡು ಎರಡರ ಮ್ಯಾಟ್ರಿಕ್ಸ್‌ನಲ್ಲಿ m, n ಎರಡೂ 2 ಆದ್ದರಿಂದ ಈ ತಪ್ಪು ಕಾಣುವ ದಾರಿಯೇ ಇಲ್ಲ.

ಸೊನ್ನೆ ಹಾಕುವ ಸಾಲು ಇನ್ನೊಂದು ಎಡವುವ ಜಾಗ. ಅದು k ಲೂಪಿನ ಒಳಗೆ ಸೇರಿಬಿಟ್ಟರೆ ಪ್ರತಿ ಸಾಮಾನಿಗೂ ಹಳೆಯ ಮೊತ್ತ ಅಳಿಸಿಹೋಗಿ, ಕೊನೆಯ ಸಾಮಾನಿನ ಬೆಲೆ ಮಾತ್ರ ಉಳಿಯುತ್ತದೆ. ಉತ್ತರ 45, 42, 90, 84 ಎಂದು ಬಂದರೆ, ಅದು ಬರೀ ಸಕ್ಕರೆಯ ಲೆಕ್ಕ ಎಂದು ನೋಡಿದ ಕೂಡಲೇ ಹೇಳಬಹುದು. ಆ ಸಾಲನ್ನು ಬರೆಯುವುದೇ ಮರೆತರೆ ಪರಿಸ್ಥಿತಿ ಇನ್ನೂ ಕೆಟ್ಟದ್ದು. `main` ಒಳಗೆ ಘೋಷಿಸಿದ ಅರೇಯಲ್ಲಿ ಮೊದಲಿಗೆ ಏನಿರುತ್ತದೆ ಎಂಬುದಕ್ಕೆ ಖಾತ್ರಿಯಿಲ್ಲ. ಒಂದು ಕಂಪ್ಯೂಟರಿನಲ್ಲಿ ಅಲ್ಲಿ ಸೊನ್ನೆಯೇ ಇದ್ದು ಉತ್ತರ ಸರಿ ಬರಬಹುದು, ಪಕ್ಕದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ದೊಡ್ಡ ಸಂಖ್ಯೆ ಬರಬಹುದು.

`b[k][j]` ಬದಲು `b[j][k]` ಎಂದು ಬರೆಯುವುದು ಮೂರನೆಯ ತಪ್ಪು. ಕರ್ಣದಲ್ಲಿ ಒಂದು, ಉಳಿದೆಡೆ ಸೊನ್ನೆ ಇರುವ ಮ್ಯಾಟ್ರಿಕ್ಸನ್ನು B ಯಾಗಿ ಕೊಟ್ಟು ಪರೀಕ್ಷಿಸುವವರಿಗೆ ಇದು ಸಿಕ್ಕಿಬೀಳುವುದಿಲ್ಲ. ಅಲ್ಲಿ ಅಡ್ಡಸಾಲೂ ಕಂಬಸಾಲೂ ಒಂದೇ ಥರ ಇರುತ್ತವೆ. ಮೇಲಿನ B ಯಲ್ಲಾದರೆ ಪ್ರೋಗ್ರಾಂ `b[0][2]` ಅನ್ನು ಹುಡುಕಿಕೊಂಡು ಹೋಗುತ್ತದೆ. ನಾವು ಅಲ್ಲಿ ಏನನ್ನೂ ತುಂಬಿಯೇ ಇಲ್ಲ.

ಆದರೂ ಸಿ ಭಾಷೆ ತಕರಾರು ಮಾಡುವುದಿಲ್ಲವೇಕೆ? `int b[10][10]` ಎಂದರೆ ನೂರು ಮನೆಗಳ ಒಂದೇ ಉದ್ದನೆಯ ಸಾಲು. ಮೊದಲ ಅಡ್ಡಸಾಲಿನ ಹತ್ತು ಮುಗಿದ ಮೇಲೆ ಎರಡನೆಯದರ ಹತ್ತು ಶುರು. `b[1][0]` ಅಂದರೆ ಹನ್ನೊಂದನೆಯ ಮನೆ. ನಾವು ಆರನ್ನಷ್ಟೇ ತುಂಬಿದ್ದರೂ ಉಳಿದವು ಮೆಮೊರಿಯಲ್ಲಿ ಇದ್ದೇ ಇರುತ್ತವೆ, ಕೇಳಿದರೆ ಒಳಗಿದ್ದ ಕಸ ಸಿಗುತ್ತದೆ. ಅರೇಯನ್ನು ಫಂಕ್ಷನ್‌ಗೆ ಕೊಡುವಾಗ `int b[][10]` ಎಂದು ಕಂಬಸಾಲಿನ ಸಂಖ್ಯೆಯನ್ನು ಬರೆಯಲೇಬೇಕಾದ ಕಾರಣವೂ ಇದೇ. ಆ ಹತ್ತು ಗೊತ್ತಿಲ್ಲದೆ ಎರಡನೆಯ ಅಡ್ಡಸಾಲು ಎಲ್ಲಿ ಶುರುವಾಗುತ್ತದೆಂದು ಲೆಕ್ಕ ಹಾಕಲು ಬಾರದು. ವೈವಾದಲ್ಲಿ ಇದನ್ನು ಕೇಳಿದರೆ ಇಷ್ಟು ಹೇಳಿದರೆ ಸಾಕು.

ಅಡ್ಡಸಾಲನ್ನು ಕಂಬಸಾಲಾಗಿಸುವ ಟ್ರಾನ್ಸ್‌ಪೋಸ್ ನೋಡಲು ಇದಕ್ಕಿಂತ ಸುಲಭ. ಬೇರೊಂದು ಅರೇ ತೆಗೆದುಕೊಂಡು `t[j][i] = a[i][j]` ಎಂದರೆ ಆಯಿತು. ಆದರೆ A ಎರಡು ಮೂರರದ್ದಾದರೆ t ಮೂರು ಎರಡರದ್ದು. ಮುದ್ರಿಸುವಾಗ ಹಳೆಯ ಅಳತೆಯನ್ನೇ ಇಟ್ಟರೆ ಮೂರನೆಯ ಅಡ್ಡಸಾಲು ಕಾಣೆಯಾಗಿ, ಮೂರನೆಯ ಕಂಬಸಾಲಿನಲ್ಲಿ ಕಸ ಬರುತ್ತದೆ. ಅದೇ ಅರೇಯಲ್ಲೇ ತಿರುಗಿಸಬೇಕು ಎಂದಾಗ, ಮ್ಯಾಟ್ರಿಕ್ಸ್ ಚೌಕವಾಗಿದ್ದರೆ, ಕರ್ಣದ ಆಚೆಈಚೆಯ ಸಂಖ್ಯೆಗಳನ್ನು ಅದಲುಬದಲು ಮಾಡುತ್ತೇವೆ:

```c
for (i = 0; i < n; i++)
    for (j = i + 1; j < n; j++) {
        x = a[i][j];
        a[i][j] = a[j][i];
        a[j][i] = x;
    }
```

ಇಲ್ಲಿ j ಯನ್ನು ಸೊನ್ನೆಯಿಂದ ಶುರು ಮಾಡಿದರೆ ಪ್ರತಿ ಜೋಡಿಯೂ ಎರಡು ಸಲ ಅದಲುಬದಲಾಗುತ್ತದೆ, ಮ್ಯಾಟ್ರಿಕ್ಸ್ ಮೊದಲಿದ್ದಂತೆಯೇ ಹೊರಬರುತ್ತದೆ. ಕೊಟ್ಟದ್ದೇ ತಿರುಗಿ ಬಂದರೆ ಮೊದಲು ನೋಡಬೇಕಾದದ್ದು ಈ ಜಾಗವನ್ನು. ಮೂರು ಮೂರರ ಮ್ಯಾಟ್ರಿಕ್ಸ್‌ಗೆ ಬೇಕಾದ ಅದಲುಬದಲು ಮೂರೇ ಮೂರು.

ಹಾಗಾಗಿ ಪರೀಕ್ಷೆಗೆ ಕೂರುವ ಮುನ್ನ ಒಂದು ಕೆಲಸ ಮಾಡಿ. ಎರಡು ಮೂರರ, ಮೂರು ಎರಡರ ಒಂದು ಜೊತೆ ಮ್ಯಾಟ್ರಿಕ್ಸನ್ನು ಆರಿಸಿಕೊಳ್ಳಿ. ಅದರ ಉತ್ತರವನ್ನು ಕೈಯಲ್ಲಿ ಲೆಕ್ಕ ಹಾಕಿ ರೆಕಾರ್ಡ್ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಪರೀಕ್ಷಕರು ಕೇಳುವ ಮೊದಲು ನೀವೇ ಅದನ್ನು ಕೊಟ್ಟು ನೋಡಿ. ಬೇರೆ ಉದಾಹರಣೆ ಹೊಳೆಯದಿದ್ದರೆ ಈ ದಿನಸಿ ಚೀಟಿಯೇ ಇರಲಿ: ಪರದೆಯಲ್ಲಿ 535, 537, 360, 359 ಬರಬೇಕು.